ನಿಮ್ಮ ಚೀಟಿಯನ್ನು ವೈರಿಯೇ ಎತ್ತಿಕೊಡುವುದಾದರೆ: ವಿದ್ಯಾರ್ಥಿವೇತನಕ್ಕೆ ನಿಯಮ ಬರೆಯುವ ಬಗೆ

ಪ್ರಶ್ನೆ: ನಮ್ಮದು ಮಲೆನಾಡಿನ ಒಂದು ತಾಲ್ಲೂಕಿನ ಹಳೆಯ ವಿದ್ಯಾರ್ಥಿಗಳ ಟ್ರಸ್ಟ್. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರುವ ಮಕ್ಕಳಿಗೆ ವರ್ಷಕ್ಕೆ 6 ಲಕ್ಷ ರೂಪಾಯಿ ವಿದ್ಯಾರ್ಥಿವೇತನ ಕೊಡಬೇಕೆಂದಿದ್ದೇವೆ. ಸಮಿತಿಯಲ್ಲಿ ಐದು ಜನ. ಒಬ್ಬರು ಅಂಕ ನೋಡಿ ಅಂತಾರೆ, ಒಬ್ಬರು ಬಡತನ ನೋಡಿ ಅಂತಾರೆ, ಇನ್ನೊಬ್ಬರು ಹೆಣ್ಣುಮಕ್ಕಳಿಗೇ ಕೊಡಿ ಅಂತಾರೆ. ಅಮೆರಿಕದ ತತ್ವಜ್ಞಾನಿ ರಾಲ್ಸ್ ಹೇಳಿದ ‘ಅಜ್ಞಾನದ ಪರದೆ’ಯ ಬಗ್ಗೆ ಕೇಳಿದ್ದೇನೆ. ಅದನ್ನು ಬಳಸಿ ನಿಜವಾಗಿ ನಿಯಮ ಮಾಡೋಕಾಗುತ್ತಾ? ಅರ್ಜಿಯಲ್ಲಿ ಹೆಸರು, ಜಾತಿ ಮುಚ್ಚಿಟ್ಟು ಆಯ್ಕೆ ಮಾಡಿದರೆ ಸಾಕಾ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಅದರಲ್ಲಿರುವ ತಪ್ಪು ತಿಳುವಳಿಕೆ ಬಹಳ ಸಮಿತಿಗಳಲ್ಲಿದೆ, ಅದರಿಂದ ಆಗುವ ಹಾನಿಯೂ ದೊಡ್ಡದು. ಅರ್ಜಿಯ ಮೇಲಿನ ಹೆಸರು ಮುಚ್ಚುವುದು ಬೇರೆ, ಅಜ್ಞಾನದ ಪರದೆ ಬೇರೆ. ಜಾನ್ ರಾಲ್ಸ್ 1971ರ ತಮ್ಮ ನ್ಯಾಯ ಸಿದ್ಧಾಂತದ ಪುಸ್ತಕದಲ್ಲಿ ಹೇಳಿದ್ದು ನಿಯಮ ಮಾಡುವವರ ಬಗ್ಗೆ. ಆ ನಿಯಮದಡಿ ಬದುಕಬೇಕಾದ ಸಮಾಜದಲ್ಲಿ ತಾನು ಯಾರಾಗಿರುತ್ತೇನೆ, ಯಾವ ಮನೆಯಲ್ಲಿ ಹುಟ್ಟಿರುತ್ತೇನೆ, ಎಷ್ಟು ಬುದ್ಧಿ, ಎಷ್ಟು ಆರೋಗ್ಯ ಇರುತ್ತದೆ ಎಂಬುದು ನಿಯಮ ಮಾಡುವವನಿಗೆ ಗೊತ್ತಿರಬಾರದು. ಆದರೆ ಆ ಸಮಾಜ ಹೇಗೆ ನಡೆಯುತ್ತದೆ ಎಂಬುದು ಅವನಿಗೆ ಗೊತ್ತಿರಲೇಬೇಕು. ಪರದೆ ಮುಚ್ಚುವುದು ‘ನಾನು ಯಾರು’ ಎಂಬುದನ್ನು. ಎದುರಿಗಿರುವ ಮಗು ಯಾರು, ಅದರ ಕಷ್ಟವೇನು ಎಂಬುದನ್ನಲ್ಲ.

ಇದನ್ನು ತಿರುವುಮುರುವು ಮಾಡಿದರೆ ಏನಾಗುತ್ತದೆ ನೋಡಿ. ಹೆಸರು, ಊರು, ಜಾತಿ, ತಂದೆಯ ಕೆಲಸ ಎಲ್ಲವನ್ನೂ ಮುಚ್ಚಿದ ಅರ್ಜಿಯಲ್ಲಿ ಉಳಿಯುವುದು 625ಕ್ಕೆ ಎಷ್ಟು ಅಂಕ ಎಂಬುದೊಂದೇ. ಟ್ಯೂಷನ್ನಿಗೆ ಹೋಗಿ 580 ತೆಗೆದ ಮಗುವೂ, ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ ಐದು ಕಿಲೋಮೀಟರ್ ನಡೆದು ಶಾಲೆಗೆ ಹೋಗಿ 430 ತೆಗೆದ ಮಗುವೂ ಅಲ್ಲಿ ಎರಡು ಸಂಖ್ಯೆಗಳಷ್ಟೆ. ಅನ್ಯಾಯವನ್ನು ತಡೆಯಲು ತಂದ ಮುಚ್ಚಳ ಅನ್ಯಾಯವನ್ನೇ ಮುಚ್ಚಿಡುತ್ತದೆ. ಹೆಸರು ಮುಚ್ಚುವುದಕ್ಕೂ ಒಂದು ಜಾಗವಿದೆ: ನಿಯಮ ಸಿದ್ಧವಾದ ಮೇಲೆ, ಅರ್ಜಿಗಳನ್ನು ಅದಕ್ಕೆ ತಾಳೆ ನೋಡುವ ಹೊತ್ತಿನಲ್ಲಿ, ‘ಇವನು ನಮ್ಮ ಮಾವನ ಊರಿನವನು’ ಎಂಬ ಸೆಳೆತ ಬಾರದಿರಲೆಂದು. ಅಲ್ಲಿ ಹೆಸರನ್ನೂ ಫೋಟೋವನ್ನೂ ಮುಚ್ಚಿ, ಕಷ್ಟದ ವಿವರವನ್ನು ತೆರೆದೇ ಇಡಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ರಾಲ್ಸ್ ಈ ಪರದೆಯನ್ನು ನೇಯ್ದದ್ದು ಒಂದು ದೇಶದ ಮೂಲ ವ್ಯವಸ್ಥೆಗೆ, ಅಂದರೆ ಸಂವಿಧಾನ, ಆಸ್ತಿ, ತೆರಿಗೆ, ಶಿಕ್ಷಣಾವಕಾಶ ಇಂಥವಕ್ಕೆ. ತಾಲ್ಲೂಕಿನ ಟ್ರಸ್ಟಿಗಲ್ಲ. ಆದರೆ ಅವರೇ ಪರದೆಯನ್ನು ಒಮ್ಮೆಗೇ ಕಿತ್ತೆಸೆಯದೆ ನಾಲ್ಕು ಹಂತಗಳಲ್ಲಿ ಸರಿಸುತ್ತಾರೆ: ಮೊದಲು ನ್ಯಾಯದ ತತ್ವಗಳು, ಆಮೇಲೆ ಸಂವಿಧಾನ, ಆಮೇಲೆ ಕಾನೂನು, ಕೊನೆಗೆ ಒಬ್ಬೊಬ್ಬರ ಪ್ರಕರಣಕ್ಕೆ ನಿಯಮದ ಅನ್ವಯ. ಹಂತ ಇಳಿದಂತೆ ಆ ಸಮಾಜದ ಬಗ್ಗೆ ತಿಳಿಯುವುದು ಹೆಚ್ಚುತ್ತದೆ. ಕಾನೂನು ಮಾಡುವವನಿಗೂ ತಾನು ಯಾರೆಂಬುದು ಮಾತ್ರ ಮರೆಯಾಗಿಯೇ ಇರುತ್ತದೆ. ನಿಮ್ಮ ಕೆಲಸ ಈ ಮೂರನೆಯ ಹಂತದ್ದು. ಹಾಗಾಗಿ ನಿಮ್ಮ ತಾಲ್ಲೂಕಿನ ಬಸ್ಸು, ಹಾಸ್ಟೆಲು, ಮಳೆಗಾಲ, ಜಾತಿ, ಕೂಲಿ ದರ ಎಲ್ಲ ಮೇಜಿನ ಮೇಲಿರಬೇಕು. ಮೇಜಿನ ಮೇಲೆ ಇರಬಾರದ್ದು ‘ನನ್ನ ಮಗಳಿಗೆ 600 ಅಂಕ ಬಂದಿದೆ’, ‘ನಾನೂ ಬಡತನದಲ್ಲೇ ಓದಿದವನು’ ಎಂಬಂಥ ಮಾತು.

ಐದು ಜನ ತಾವು ಯಾರೆಂಬುದನ್ನು ನಿಜವಾಗಿ ಮರೆಯಲಾರರು. ಆದ್ದರಿಂದ ಮರೆವಿನ ಬದಲಿಗೆ ಚೀಟಿ ಬಳಸಿ. ನಿಮ್ಮ ತಾಲ್ಲೂಕಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸುವ ಮಕ್ಕಳ ಹತ್ತು ಹನ್ನೆರಡು ಬಗೆಯ ಬದುಕನ್ನು ಒಂದೊಂದು ಚೀಟಿಯಲ್ಲಿ ಎರಡು ಮೂರು ಸಾಲಿನಲ್ಲಿ ಬರೆಯಿರಿ. ಸಮಿತಿಯವರೇ ಕುಳಿತು ಬರೆದರೆ ತಮಗೆ ಗೊತ್ತಿರುವ ಮಕ್ಕಳಷ್ಟೇ ಬರುತ್ತಾರೆ. ಇಬ್ಬರು ಹೈಸ್ಕೂಲು ಮುಖ್ಯ ಶಿಕ್ಷಕರು, ಒಬ್ಬರು ಹಾಸ್ಟೆಲ್ ವಾರ್ಡನ್, ಒಬ್ಬರು ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ: ಹೋದ ವರ್ಷ ಹತ್ತನೇ ಪಾಸಾಗಿಯೂ ಕಾಲೇಜಿಗೆ ಸೇರದೆ ಹೋದವರು ಯಾರು, ಸೇರಿ ಬಿಟ್ಟವರು ಯಾರು, ಯಾಕೆ? ಅವರ ಉತ್ತರದಿಂದಲೇ ಚೀಟಿಗಳಲ್ಲಿ ಅರ್ಧದಷ್ಟು ತುಂಬಬೇಕು.

ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಪರದೆಯ ಹಿಂದೆ ಕುಳಿತವರು ಸಾಮಾನ್ಯವಾಗಿ ‘ಈ ಅರ್ಜಿದಾರರಲ್ಲಿ ನಾನು ಯಾರು ಬೇಕಾದರೂ ಆಗಿರಬಹುದು’ ಎಂದು ಯೋಚಿಸುತ್ತಾರೆ. ಅಲ್ಲೇ ತಪ್ಪುವುದು. ಎಲ್ಲರಿಗಿಂತ ಕೆಳಗಿನ ಸ್ಥಾನದಲ್ಲಿರುವ ಮಗು ಅರ್ಜಿಗಳ ಕಟ್ಟಿನೊಳಗೆ ಇರುವುದೇ ಇಲ್ಲ. ಕಾಫಿ ತೋಟಕ್ಕೆ ಕೆಲಸಕ್ಕೆ ಬಂದ ಕುಟುಂಬದ ಮಗಳಿಗೆ ಇಲ್ಲಿನ ರೇಷನ್ ಕಾರ್ಡಿಲ್ಲ, ಆದಾಯ ಪ್ರಮಾಣಪತ್ರವಿಲ್ಲ. ತಂದೆ ತೀರಿಕೊಂಡು ಆರು ತಿಂಗಳಾಗಿದ್ದರೂ ಹುಡುಗನ ಕೈಯಲ್ಲಿರುವ ಪ್ರಮಾಣಪತ್ರದಲ್ಲಿ ತಂದೆಯ ದುಡಿಮೆ ಹಾಗೆಯೇ ಇದೆ, ಪತ್ರ ಇನ್ನೂ ಚಾಲ್ತಿಯಲ್ಲೂ ಇದೆ. ಮೊದಲ ಪರೀಕ್ಷೆಯಲ್ಲಿ ಒಂದು ವಿಷಯ ಹೋಗಿ, ಎರಡನೇ ಪರೀಕ್ಷೆಯಲ್ಲಿ ಪಾಸಾದವಳಿಗೆ ಫಲಿತಾಂಶ ಬರುವಷ್ಟರಲ್ಲಿ ನಿಮ್ಮ ಅರ್ಜಿಯ ಕೊನೆಯ ದಿನ ಕಳೆದಿರುತ್ತದೆ. 2024ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿರುವುದರಿಂದ ಈ ಕೊನೆಯ ಸಂಗತಿ ಹೊಸದಾಗಿ ಮುಖ್ಯವಾಗಿದೆ. ಪರೀಕ್ಷಾ ಮಂಡಳಿ ಕೊಟ್ಟ ಎರಡನೇ ಅವಕಾಶವನ್ನು ನಿಮ್ಮ ಕ್ಯಾಲೆಂಡರ್ ಕಿತ್ತುಕೊಳ್ಳಬಾರದು. ಈ ಮೂವರೂ ಚೀಟಿಗಳಲ್ಲಿ ಇರಲೇಬೇಕು.

ಚೀಟಿ ಸಿದ್ಧವಾದ ಮೇಲೆ ಪ್ರತಿ ಕರಡು ನಿಯಮವನ್ನೂ ಹೀಗೆ ಪರೀಕ್ಷಿಸಿ. ನಿಯಮವನ್ನು ಯಾರು ಬಲವಾಗಿ ಒತ್ತಾಯಿಸುತ್ತಾರೋ ಅವರು ಚೀಟಿ ಎತ್ತುವಂತಿಲ್ಲ, ಅವರನ್ನು ವಿರೋಧಿಸುವವರು ಅವರಿಗಾಗಿ ಒಂದನ್ನು ಆರಿಸಿಕೊಡಬೇಕು. ‘ಅಂಕವೇ ಮುಖ್ಯ’ ಎನ್ನುವವರ ಕೈಗೆ ತೋಟದ ಕೂಲಿಯ ಮಗಳ ಚೀಟಿ ಬರುತ್ತದೆ. ‘ಹೆಣ್ಣುಮಕ್ಕಳಿಗೆ ಮಾತ್ರ’ ಎನ್ನುವವರಿಗೆ ಅಜ್ಜಿಯ ಮನೆಯಲ್ಲಿದ್ದು ಸಂಜೆ ಗ್ಯಾರೇಜಿನಲ್ಲಿ ದುಡಿಯುವ ಹುಡುಗನ ಚೀಟಿ. ಆ ಚೀಟಿಯ ಜಾಗದಲ್ಲಿ ಕುಳಿತು ‘ಈ ನಿಯಮ ನನಗೆ ಒಪ್ಪಿಗೆ, ಕಾರಣ ಇದು’ ಎಂದು ಅವರು ಹೇಳಬೇಕು. ನಿಮ್ಮ ಸ್ಥಾನವನ್ನು ನಿಮ್ಮ ವೈರಿ ಗೊತ್ತುಮಾಡುವ ಸಮಾಜಕ್ಕೆ ನೀವು ಎಂಥ ನಿಯಮ ಆರಿಸುತ್ತಿದ್ದಿರಿ ಎಂಬ ಹೋಲಿಕೆಯನ್ನು ರಾಲ್ಸ್ ಅವರೇ ಕೊಟ್ಟಿದ್ದಾರೆ. ಸುಮ್ಮನೆ ಚೀಟಿ ಎತ್ತಿದರೆ ಅದೃಷ್ಟದ ಮೇಲೆ ಭಾರ ಹಾಕುವ ಮನಸ್ಸು ಬರುತ್ತದೆ. ಎದುರಾಳಿ ಎತ್ತಿಕೊಟ್ಟರೆ ಬರುವುದಿಲ್ಲ.

ಈಗ ಏನನ್ನು ಹಂಚುತ್ತಿದ್ದೀರಿ ಎಂಬ ಪ್ರಶ್ನೆ. ನೀವು ಹಣ ಹಂಚುತ್ತಿದ್ದೀರಿ ಎಂದುಕೊಂಡರೆ ಸಮಪಾಲು ನ್ಯಾಯವೆನಿಸುತ್ತದೆ. ಪಿಯುಸಿಯ ಎರಡು ವರ್ಷವನ್ನು ನಡುವೆ ಬಿಡದೆ ಮುಗಿಸುವ ಅವಕಾಶವನ್ನು ಹಂಚುತ್ತಿದ್ದೀರಿ ಎಂದುಕೊಂಡರೆ ಸಮಪಾಲು ಅನ್ಯಾಯ. ಅಮರ್ತ್ಯ ಸೇನ್ 1979ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕೊಟ್ಟ ಉಪನ್ಯಾಸದಲ್ಲಿ ರಾಲ್ಸ್‌ಗೆ ಎತ್ತಿದ ಆಕ್ಷೇಪ ಇದೇ: ಅಂಗವೈಕಲ್ಯ ಇರುವವರಿಗೂ ಇಲ್ಲದವರಿಗೂ ಅಷ್ಟೇ ಹಣ ಕೊಟ್ಟರೆ ಇಬ್ಬರೂ ಅದೇ ಹಣದಿಂದ ಒಂದೇ ಕೆಲಸ ಮಾಡಲಾರರು. ಕಾಲಿನ ತೊಂದರೆ ಇರುವ ಹುಡುಗ ಮುಖ್ಯರಸ್ತೆಯವರೆಗೆ ಆಟೋದಲ್ಲಿ ಬರಬೇಕು, ಅವನ ಗೆಳೆಯ ನಡೆದು ಬರುತ್ತಾನೆ. ಈ ಆಕ್ಷೇಪವನ್ನು ಒಪ್ಪಿಕೊಂಡೇ ಮುಂದಿನ ಲೆಕ್ಕ ಮಾಡಿ.

ಪ್ರತಿ ಮಗುವಿಗೂ ‘ಕೊರತೆ’ ಎಂಬ ಒಂದೇ ಅಂಕಿ ಕಂಡುಹಿಡಿಯಿರಿ. ವರ್ಷದ ಖರ್ಚು, ಅಂದರೆ ಕಾಲೇಜು ಶುಲ್ಕ, ಪುಸ್ತಕ, ಪ್ರಯಾಣ, ದೂರದವರಾದರೆ ವಸತಿ ಊಟ, ಅಂಗವೈಕಲ್ಯವಿದ್ದರೆ ಅದರ ಹೆಚ್ಚುವರಿ. ಇದರಿಂದ ಎರಡು ಕಳೆಯಿರಿ: ಮನೆಯವರು ಸಾಲ ಮಾಡದೆ ಕೊಡಬಲ್ಲ ಮೊತ್ತ ಮತ್ತು ಬೇರೆಡೆಯಿಂದ ಈಗಾಗಲೇ ಕೈಸೇರಿದ ನೆರವು. ಮನೆಯವರು ಕೊಡಬಲ್ಲ ಮೊತ್ತವನ್ನು ಅಂದಾಜಿಗೆ ಬಿಡದೆ ಒಂದು ಸೂತ್ರಕ್ಕೆ ಕಟ್ಟಿ. ಉದಾಹರಣೆಗೆ ವರ್ಷಕ್ಕೆ 1,50,000 ರೂಪಾಯಿವರೆಗಿನ ಆದಾಯದಿಂದ ಏನೂ ನಿರೀಕ್ಷಿಸಬೇಡಿ, ಅದರ ಮೇಲಿನ ಆದಾಯದಲ್ಲಿ ನೂರಕ್ಕೆ 6 ರೂಪಾಯಿ ಎಂದು ಹಿಡಿದು, ಬಂದದ್ದನ್ನು ಆ ಮನೆಯಲ್ಲಿ ಓದುತ್ತಿರುವ ಮಕ್ಕಳ ಸಂಖ್ಯೆಯಿಂದ ಭಾಗಿಸಿ. 2,50,000 ಆದಾಯದ ಮನೆಯಲ್ಲಿ ಇಬ್ಬರು ಓದುತ್ತಿದ್ದರೆ ಒಬ್ಬ ಮಗುವಿನ ಲೆಕ್ಕಕ್ಕೆ 3,000 ರೂಪಾಯಿ.

ಈ ಸೂತ್ರದ ಲಾಭ ‘ಆದಾಯ ಮಿತಿ’ ಎಂಬ ಕಡಿದಾದ ಅಂಚು ಮಾಯವಾಗುವುದು. ಮಿತಿ 2,50,000 ಎಂದು ಗೆರೆ ಎಳೆದರೆ 2,49,000 ಆದಾಯದ ಮನೆಗೆ ಪೂರ್ತಿ ಸಿಗುತ್ತದೆ, 2,51,000ದ ಮನೆಗೆ ಒಂದು ರೂಪಾಯಿಯೂ ಇಲ್ಲ. ಗೆರೆಯ ಯಾವ ಬದಿಯಲ್ಲಿ ಬೀಳುತ್ತೇನೆಂದು ಗೊತ್ತಿಲ್ಲದ ಯಾರೂ 2,000 ರೂಪಾಯಿಯ ವ್ಯತ್ಯಾಸಕ್ಕೆ ಇಷ್ಟು ದೊಡ್ಡ ಪಣ ಒಡ್ಡಲು ಒಪ್ಪುವುದಿಲ್ಲ. ಅಂಚು ಇದ್ದಲ್ಲಿ ಪ್ರಮಾಣಪತ್ರದ ಆದಾಯವೆಲ್ಲ ಗೆರೆಯ ಕೆಳಗೇ ಬಂದು ಗುಂಪುಗೂಡುವುದೂ ಸಹಜ. ನಿಮ್ಮ ಅರ್ಜಿಗಳಲ್ಲಿ ಹಾಗೆ ಕಂಡರೆ ತಪ್ಪು ಜನರದ್ದು ಎನ್ನುವ ಮೊದಲು ನಿಯಮವನ್ನು ನೋಡಿ.

ಹೆಣ್ಣುಮಕ್ಕಳ ಪ್ರಶ್ನೆಯೂ ಈ ಕೊರತೆಯ ಲೆಕ್ಕದಲ್ಲಿ ಹೆಚ್ಚು ನ್ಯಾಯವಾಗಿ ಬಗೆಹರಿಯುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾರಿಗೆ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಆದರೆ ಮಲೆನಾಡಿನ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಕೆಂಪು ಬಸ್ಸು ಬರುವ ಊರಿನ ಹುಡುಗಿಗೆ ಪ್ರಯಾಣದ ಖರ್ಚಿಲ್ಲ, ಗುಡ್ಡದಾಚೆಯ ಹುಡುಗಿಗೆ ದಿನವೂ ಇದೆ. ಬಸ್ಸು ಸಂಜೆ ಐದಕ್ಕೇ ಕೊನೆ ಎಂದಾದರೆ ಮನೆಯವರು ಅವಳನ್ನು ಕಳಿಸುವುದನ್ನೇ ನಿಲ್ಲಿಸುತ್ತಾರೆ, ಹುಡುಗನನ್ನಾದರೆ ಕಳಿಸಿಯಾರು. ಅಲ್ಲಿ ಅವಳ ಖರ್ಚಿನ ಪಟ್ಟಿಗೆ ಹಾಸ್ಟೆಲಿನ ಊಟ ವಸತಿ ಸೇರಬೇಕು. ‘ಹೆಣ್ಣು’ ಎಂಬ ಕಾಲಂಗೆ ಐದು ಅಂಕ ಸೇರಿಸುವುದು ಈ ಇಬ್ಬರು ಹುಡುಗಿಯರನ್ನು ಒಂದೇ ಎಂದು ನೋಡುತ್ತದೆ. ಕೊರತೆಯ ಲೆಕ್ಕ ಹಾಗೆ ನೋಡುವುದಿಲ್ಲ.

ಜಾತಿಯ ವಿಷಯದಲ್ಲಿ ಸಮಿತಿಗಳು ಹೆಚ್ಚಾಗಿ ಮೌನಕ್ಕೆ ಜಾರುತ್ತವೆ. ಪರದೆಯ ಹಿಂದೆ ನಿಮ್ಮ ಜಾತಿ ನಿಮಗೆ ಗೊತ್ತಿಲ್ಲ, ಆದರೆ ಈ ನಾಡಿನಲ್ಲಿ ಜಾತಿ ಏನು ಮಾಡುತ್ತದೆ ಎಂಬುದು ಗೊತ್ತು. ಹಾಗಾಗಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಪರದೆ ತಡೆಯುವುದಿಲ್ಲ, ತೆಗೆದುಕೊಳ್ಳಿ ಎಂದೇ ಹೇಳುತ್ತದೆ. ಪರಿಶಿಷ್ಟ ಮತ್ತು ಹಿಂದುಳಿದ ವರ್ಗದ ಮಕ್ಕಳಿಗೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಮೂಲಕ ನೆರವಿದೆ, ಅದನ್ನು ಬೇರೆಡೆಯ ನೆರವೆಂದು ಕಳೆಯಬೇಕಾಗುತ್ತದೆ. ಆದರೆ ಮಂಜೂರಾದ ಹಣಕ್ಕೂ ಖಾತೆಗೆ ಬಂದ ಹಣಕ್ಕೂ ನಡುವೆ ತಿಂಗಳುಗಳು ಕಳೆಯಬಹುದು. ಆಧಾರ್ ಜೋಡಣೆಯಲ್ಲಿ ಹೆಸರಿನ ಒಂದಕ್ಷರ ಬೇರೆಯಾಗಿ ಹಣ ನಿಂತಿರಲೂಬಹುದು. ಜೂನ್‌ನಲ್ಲಿ ಶುಲ್ಕ ಕಟ್ಟಬೇಕಾದ ಮಗುವಿಗೆ ಫೆಬ್ರವರಿಯ ಹಣ ‘ಬಂದಿದೆ’ ಎಂದು ಲೆಕ್ಕ ಹಿಡಿದರೆ ಆ ಎಂಟು ತಿಂಗಳ ಸಾಲದ ಬಡ್ಡಿ ಮಗುವಿನ ಮನೆಯ ಮೇಲೆ. ಆದ್ದರಿಂದ ಖಾತೆಗೆ ಬಂದದ್ದನ್ನು ಮಾತ್ರ ಕಳೆಯಿರಿ. ಬರಬೇಕಾದದ್ದನ್ನು ಬಡ್ಡಿಯಿಲ್ಲದ ಮುಂಗಡವಾಗಿ ನೀವೇ ಕೊಟ್ಟು, ಬಂದಾಗ ಎರಡನೇ ಕಂತಿನಲ್ಲಿ ಹೊಂದಿಸಿಕೊಳ್ಳಿ.

ಇನ್ನು ಲೆಕ್ಕ. 6,00,000 ರೂಪಾಯಿಯಲ್ಲಿ 30,000 ಪರಿಶೀಲನೆಯ ಓಡಾಟಕ್ಕೆ, 60,000 ತಡವಾಗಿ ಬರುವವರಿಗೂ ನಡುವರ್ಷದ ಆಪತ್ತಿಗೂ ತೆಗೆದಿಡಿ. ಉಳಿದದ್ದು 5,10,000. ಪಿಯುಸಿ ಎರಡು ವರ್ಷದ್ದು, ಆದ್ದರಿಂದ ಇದು ಎರಡು ತಂಡದ ಮಕ್ಕಳ ಹಣ. ಒಂದು ತಂಡಕ್ಕೆ 2,55,000. ಮೊದಲ ವರ್ಷ ಒಂದೇ ತಂಡವಿರುತ್ತದೆಂದು ಪೂರ್ತಿ ಹಣ ಹಂಚಿ, ಎರಡನೇ ವರ್ಷ ಹಳಬರಿಗೂ ಹೊಸಬರಿಗೂ ಕೈ ಬರಿದಾಗಿಸಿಕೊಳ್ಳುವುದು ಹೊಸ ಟ್ರಸ್ಟುಗಳು ಮಾಡುವ ದೊಡ್ಡ ತಪ್ಪು. ಮೊದಲ ವರ್ಷ ಉಳಿಯುವ ಅರ್ಧವನ್ನು ಠೇವಣಿಯಲ್ಲಿಡಿ.

ಉದಾಹರಣೆಗೆಂದು 40 ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳೋಣ. ದೂರದ ಊರಿನ, ದುಡಿಮೆ ಇಲ್ಲದ ಮನೆಯ 8 ಮಕ್ಕಳಿಗೆ ತಲಾ 18,000 ಕೊರತೆ. ಕೂಲಿ ಕುಟುಂಬದ, ಆದರೆ ಕಾಲೇಜಿಗೆ ಹತ್ತಿರವಿರುವ 12 ಮಕ್ಕಳಿಗೆ ತಲಾ 9,000. ಸಣ್ಣ ಹಿಡುವಳಿ, ಸಣ್ಣ ಅಂಗಡಿಯ ಮನೆಯ 12 ಮಕ್ಕಳಿಗೆ ತಲಾ 4,000. ಉಳಿದ 8 ಮಕ್ಕಳಿಗೆ ಕೊರತೆಯೇ ಇಲ್ಲ. ಒಟ್ಟು ಕೊರತೆ 3,00,000, ಕೈಯಲ್ಲಿರುವುದು 2,55,000. ಅಂದರೆ 45,000 ಕಡಿಮೆ.

ಮೊದಲು ಅಂಕದ ನಿಯಮ: ಮೇಲಿನ 17 ಜನರಿಗೆ ತಲಾ 15,000. ಟ್ಯೂಷನ್ನು, ಓದಲು ಒಂದು ಕೋಣೆ, ಓದಿದ ತಂದೆತಾಯಿ ಇರುವವರಿಗೆ ಅಂಕ ಹೆಚ್ಚು ಬರುತ್ತದೆ, ಹಾಗಾಗಿ ಆ 17ರಲ್ಲಿ ಕೊರತೆಯಿಲ್ಲದವರು 7, ಸಣ್ಣ ಹಿಡುವಳಿಯವರು 6, ಕೂಲಿ ಕುಟುಂಬದವರು 3, ದೂರದ ಊರಿನವರು 1 ಎಂದಿಟ್ಟುಕೊಳ್ಳಿ. ಆಗ ನಿಜವಾಗಿ ಕೊರತೆ ತುಂಬಿದ ಹಣ 24,000, 27,000 ಮತ್ತು 15,000, ಒಟ್ಟು 66,000. ಉಳಿದ 1,89,000 ಯಾರ ಓದನ್ನೂ ಉಳಿಸಲಿಲ್ಲ. ದೂರದ ಊರಿನ ಏಳು ಮಕ್ಕಳಿಗೆ ಏನೂ ಸಿಗಲಿಲ್ಲ.

ಎರಡನೆಯದು ಸಮಪಾಲು: ಕೊರತೆ ಇರುವ 32 ಮಕ್ಕಳಿಗೆ ತಲಾ 7,900. ಕೇಳಲು ಹಿತವಾಗಿದೆ. ಆದರೆ ದೂರದ ಊರಿನ ಎಂಟೂ ಮಕ್ಕಳಿಗೆ ಇನ್ನೂ 10,100 ಬೇಕು, ಅಷ್ಟಿಲ್ಲದೆ ಹಾಸ್ಟೆಲ್ ಇಲ್ಲ. ಅತ್ತ 4,000 ಬೇಕಿದ್ದವರಿಗೆ 3,900 ಹೆಚ್ಚು ಸಿಕ್ಕಿದೆ.

ಮೂರನೆಯದು ರಾಲ್ಸ್‌ಗೂ ಮೊದಲೇ ಇದೇ ಬಗೆಯ ಯೋಚನೆ ಮಾಡಿದ ಅರ್ಥಶಾಸ್ತ್ರಜ್ಞ ಜಾನ್ ಹರ್ಸಾನ್ಯಿ ಅವರ ದಾರಿ. ನಾನು ಯಾರೆಂದು ಗೊತ್ತಿಲ್ಲದಿದ್ದರೆ ಪ್ರತಿ ಸ್ಥಾನಕ್ಕೂ ಸಮ ಸಾಧ್ಯತೆ ಹಿಡಿದು, ಸರಾಸರಿ ಒಳಿತು ಹೆಚ್ಚುವ ನಿಯಮ ಆರಿಸಬೇಕು ಎಂದು ಅವರು 1950ರ ದಶಕದಲ್ಲೇ ವಾದಿಸಿದ್ದರು. ನಿಮ್ಮ ಹಣಕ್ಕೆ ಇದನ್ನು ಹಚ್ಚಿದರೆ ಕಡಿಮೆ ಖರ್ಚಿನಲ್ಲಿ ಉಳಿಯುವ ಮಕ್ಕಳಿಗೆ ಮೊದಲು: 4,000ದ ಹನ್ನೆರಡು ಮಕ್ಕಳಿಗೆ 48,000, 9,000ದ ಹನ್ನೆರಡಕ್ಕೆ 1,08,000. ಉಳಿದ 99,000ದಲ್ಲಿ ದೂರದ ಊರಿನ ಐದು ಮಕ್ಕಳಿಗೆ ತಲಾ 18,000. 32ರಲ್ಲಿ 29 ಮಕ್ಕಳ ಕೊರತೆ ಪೂರ್ತಿ ತುಂಬಿತು. ಕೈಬಿಟ್ಟ ಮೂವರೂ ಒಂದೇ ಬಗೆಯವರು, ಎಲ್ಲರಿಗಿಂತ ಕೆಳಗಿನವರು.

ಇದು ಹಗುರವಾದ ವಾದವಲ್ಲ, ಹಣ ಕಡಿಮೆ ಇದ್ದಾಗ 29 ದೊಡ್ಡ ಸಂಖ್ಯೆ. ರಾಲ್ಸ್ ಇದನ್ನು ಒಪ್ಪದಿರಲು ಕಾರಣ ಸೋಲಿನ ಬೆಲೆ. ಯಾವ ಸ್ಥಾನಕ್ಕೆ ಎಷ್ಟು ಸಾಧ್ಯತೆ ಎಂದು ನಂಬಲು ಆಧಾರವಿಲ್ಲದಾಗ, ಸೋತರೆ ಬರುವ ಸ್ಥಿತಿ ಯಾರೂ ಒಪ್ಪಲಾಗದಂಥದ್ದಾದಾಗ, ಜೂಜಾಡಬಾರದು, ಅತಿ ಕೆಳಗಿನ ಸ್ಥಾನವನ್ನು ಆದಷ್ಟು ಮೇಲೆತ್ತಬೇಕು ಎನ್ನುತ್ತಾರೆ. ಇಲ್ಲಿ ಪ್ರಾಮಾಣಿಕವಾಗಿ ಒಂದನ್ನು ಒಪ್ಪಬೇಕು: ನಿಮ್ಮ ವಿಷಯದಲ್ಲಿ ಸಾಧ್ಯತೆಗಳು ಗೊತ್ತಿವೆ, 40ರಲ್ಲಿ 8. ಹಾಗಾಗಿ ಮೊದಲ ಕಾರಣ ಸಡಿಲವಾಗುತ್ತದೆ. ಎರಡನೆಯದು ಸಡಿಲವಾಗುವುದಿಲ್ಲ. ಹದಿನಾರನೇ ವಯಸ್ಸಿನಲ್ಲಿ ಓದು ಬಿಟ್ಟು ಕೂಲಿಗೋ ಮದುವೆಗೋ ಹೋದ ಮಗು ಮರುವರ್ಷ ಹಣ ಸಿಕ್ಕಿತೆಂದು ತಿರುಗಿ ಬರುವುದು ಅಪರೂಪ.

1980ರ ದಶಕದಲ್ಲಿ ಸಂಶೋಧಕರಾದ ನಾರ್ಮನ್ ಫ್ರೋಲಿಕ್ ಮತ್ತು ಜೋ ಓಪನ್‌ಹೈಮರ್ ಅಮೆರಿಕ, ಕೆನಡಾಗಳಲ್ಲಿ ವಿದ್ಯಾರ್ಥಿಗಳ ಸಣ್ಣ ಗುಂಪುಗಳನ್ನು ಇಂಥ ಪರದೆಯ ಹಿಂದೆ ಕೂರಿಸಿ ಹಂಚಿಕೆಯ ನಿಯಮ ಆರಿಸಲು ಬಿಟ್ಟರು. ಹೆಚ್ಚಿನ ಗುಂಪುಗಳು ಬರಿ ಸರಾಸರಿಯನ್ನೂ ಆರಿಸಲಿಲ್ಲ, ಕೆಳಗಿನವರಿಗೇ ಎಲ್ಲ ಎಂಬುದನ್ನೂ ಆರಿಸಲಿಲ್ಲ. ಯಾರೂ ಇದಕ್ಕಿಂತ ಕೆಳಗೆ ಬೀಳಬಾರದೆಂದು ಒಂದು ನೆಲೆ ಗೊತ್ತುಮಾಡಿ, ಅದರ ಮೇಲೆ ಸರಾಸರಿ ಹೆಚ್ಚಲಿ ಎಂದರು. ನಿಮ್ಮ ಸಮಿತಿಗೂ ನನ್ನ ಸಲಹೆ ಇದೇ ಬಗೆಯದು. ಸರಾಸರಿಯ ಕಡೆಗೆ ವಾಲುವವರೂ ಕೆಳಗಿನವರ ಕಡೆಗೆ ವಾಲುವವರೂ ಒಟ್ಟಿಗೆ ಸಹಿ ಹಾಕಬಹುದಾದ ನಿಯಮ ಬೇರೆ ಕಾಣುವುದಿಲ್ಲ.

ಅದನ್ನು ಲೆಕ್ಕಕ್ಕಿಳಿಸಿದರೆ: ದೂರದ ಊರಿನ ಎಂಟು ಮಕ್ಕಳ ಕೊರತೆಯನ್ನು ಪೂರ್ತಿ ತುಂಬಿ, 1,44,000. ಅವರ ಕೊರತೆ ಸ್ವಲ್ಪ ಉಳಿದರೂ ಹಾಸ್ಟೆಲ್ ತಪ್ಪುತ್ತದೆ, ಅರ್ಧ ಕೊಟ್ಟರೆ ಕೊಟ್ಟದ್ದೂ ವ್ಯರ್ಥ. ಉಳಿದ 1,11,000ವನ್ನು ಮಿಕ್ಕ 24 ಮಕ್ಕಳಿಗೆ, ಪ್ರತಿಯೊಬ್ಬರಿಗೂ ಉಳಿಯುವ ಕೊರತೆ ಒಂದೇ ಆಗುವಂತೆ ಹಂಚಿ. ಅವರ ಒಟ್ಟು ಕೊರತೆ 1,56,000, ಕಡಿಮೆ ಬೀಳುವುದು 45,000, ತಲಾ 1,875. ಹಾಗಾಗಿ 9,000 ಬೇಕಿದ್ದವರಿಗೆ 7,125, 4,000 ಬೇಕಿದ್ದವರಿಗೆ 2,125. ವರ್ಷಕ್ಕೆ 1,875 ಹೊಂದಿಸುವುದು ಕೂಲಿ ಮನೆಗೂ ಸುಲಭವಲ್ಲ, ಆದರೆ ಅದಕ್ಕೆ ಓದು ನಿಲ್ಲುವ ಸಾಧ್ಯತೆ ಕಡಿಮೆ. ಮಳೆಗಾಲದಲ್ಲಿ ಕೆಲಸ ನಿಂತು ಅದೂ ಆಗದ ಮನೆಗೆ ಆಪತ್ತಿನ 60,000 ಇದೆ.

ಹಾಗಾದರೆ ಅಂಕಕ್ಕೆ ಬೆಲೆಯೇ ಇಲ್ಲವೇ ಎಂದು ನಿಮ್ಮ ಸಮಿತಿಯಲ್ಲಿ ಕೇಳಿಯೇ ಕೇಳುತ್ತಾರೆ. ಹುಟ್ಟಿನಿಂದ ಬಂದ ಬುದ್ಧಿ ಯಾರೂ ಗಳಿಸಿದ್ದಲ್ಲ, ಕಷ್ಟಪಟ್ಟು ಓದುವ ಮನಸ್ಸು ಕೂಡ ಬೆಳೆದ ಮನೆಯಿಂದ ರೂಪುಗೊಳ್ಳುತ್ತದೆ ಎಂಬುದು ರಾಲ್ಸ್ ವಾದ. ಇದನ್ನು ಪೂರ್ತಿ ಒಪ್ಪಬೇಕಿಲ್ಲ, ಮಗುವಿನ ಶ್ರಮಕ್ಕೆ ಗೌರವ ಸಲ್ಲಬೇಕು. ಆದರೆ ಗೌರವಕ್ಕೂ ಹಣಕ್ಕೂ ಗಂಟು ಹಾಕಬೇಡಿ. ಅತಿ ಹೆಚ್ಚು ಅಂಕದ ಮಕ್ಕಳಿಗೆ ಸಭೆಯಲ್ಲಿ ಪುಸ್ತಕ, ಪ್ರಶಸ್ತಿಪತ್ರ ಕೊಡಿ. ವಿದ್ಯಾರ್ಥಿವೇತನಕ್ಕೆ ಅಂಕವನ್ನು ಬಾಗಿಲಾಗಿ ಮಾತ್ರ ಇಡಿ: ಪಾಸಾಗಿ ಪಿಯುಸಿಗೆ ಸೇರಿದ್ದರೆ ಸಾಕು. ಹೆಚ್ಚು ಅಂಕಕ್ಕೆ ಹೆಚ್ಚು ಹಣವೆಂಬ ವಾದ ಗೆಲ್ಲಬೇಕಾದರೆ ಅದರಿಂದ ಕೆಳಗಿನ ಎಂಟು ಮಕ್ಕಳಿಗೆ ಏನು ಲಾಭವೆಂದು ಅದನ್ನು ಎತ್ತಿದವರು ತೋರಿಸಲಿ.

ನವೀಕರಣದ ನಿಯಮವನ್ನೂ ಚೀಟಿಯ ಮುಂದೆ ಹಿಡಿಯಿರಿ. ‘ಮೊದಲ ವರ್ಷ 75 ಶೇಕಡಾ ಬಂದರೆ ಮಾತ್ರ ಎರಡನೇ ವರ್ಷಕ್ಕೆ’ ಎಂಬ ಷರತ್ತು ಬಹಳ ಕಡೆ ಇದೆ. ಕನ್ನಡ ಮಾಧ್ಯಮದಲ್ಲಿ ಹತ್ತನೇ ಮುಗಿಸಿ ಪಿಯುಸಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದಲು ಕುಳಿತ ಮಗುವಿಗೆ ಮೊದಲ ವರ್ಷ ಅಂಕ ಇಳಿಯುವುದು ಸಹಜ. ಷರತ್ತು ಕಡಿದುಹಾಕುವುದು ಸರಿಯಾಗಿ ಅಂಥವರನ್ನೇ. ಹಾಜರಾತಿ ಮತ್ತು ದ್ವಿತೀಯ ಪಿಯುಸಿಗೆ ತೇರ್ಗಡೆ, ಇವೆರಡು ಸಾಕು. ಒಂದು ವಿಷಯ ಹೋದರೆ ಪೂರಕ ಪರೀಕ್ಷೆಯ ಫಲಿತಾಂಶದವರೆಗೆ ಕಾಯಿರಿ. ಹಾಜರಾತಿ ಇದ್ದಕ್ಕಿದ್ದಂತೆ ಇಳಿದರೆ ಹಣ ನಿಲ್ಲಿಸುವ ಬದಲು ಯಾರಾದರೊಬ್ಬರು ಮನೆಗೆ ಹೋಗಿ ಬನ್ನಿ. ಮನೆಯಲ್ಲಿ ಕಾಯಿಲೆಯೋ, ಕೂಲಿಗೆ ಹೋಗಬೇಕಾದ ಒತ್ತಡವೋ, ಮದುವೆಯ ಮಾತೋ ನಡೆದಿರುವ ಸೂಚನೆ ಅದು.

ಕಾಗದದ ವಿಷಯದಲ್ಲಿ ಒಂದೇ ಸಲಹೆ. ಯಾವ ದಾಖಲೆ ಇಲ್ಲದಿದ್ದರೂ ಅರ್ಜಿ ತಿರಸ್ಕರಿಸಬೇಡಿ, ಪ್ರತಿ ದಾಖಲೆಗೂ ಬದಲಿ ಹೇಳಿಡಿ. ಆದಾಯ ಪ್ರಮಾಣಪತ್ರ ಇಲ್ಲದವರಿಗೆ ಮುಖ್ಯ ಶಿಕ್ಷಕರ ಪತ್ರ ಮತ್ತು ಸಮಿತಿಯ ಇಬ್ಬರ ಮನೆ ಭೇಟಿ. ಇಬ್ಬರೂ ಆ ಊರಿನವರಾಗಿರಬಾರದು, ಬೇರೆ ಬೇರೆಯಾಗಿ ಕೊರತೆಯ ಅಂದಾಜು ಬರೆಯಬೇಕು. ಎರಡು ಅಂದಾಜಿನ ನಡುವೆ 3,000ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯವರು ಹೋಗಲಿ. ಬರೆದುಕೊಂಡ ವಿವರ ಮಗುವಿನ ಶಾಲೆಗೂ ಊರಿಗೂ ತಿಳಿಯಬಾರದು. ಹತ್ತಿರದವರ ಮುಂದೆ ‘ಬಡವ’ ಎಂಬ ಹಣೆಪಟ್ಟಿ ಹೊರಬೇಕಾದರೆ ಎಷ್ಟೋ ಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ. ಫಲಾನುಭವಿಗಳ ಪಟ್ಟಿ ಓದಿ ವೇದಿಕೆಯ ಮೇಲೆ ಚೆಕ್ ಕೊಡುವ ಪದ್ಧತಿ ಬಿಡಬೇಕು ಎನ್ನುವುದು ಇದಕ್ಕೇ. ಸ್ವಾಭಿಮಾನಕ್ಕೆ ಆಧಾರವಾದದ್ದನ್ನು ರಾಲ್ಸ್ ಹಣ, ಅವಕಾಶಗಳ ಸಾಲಿನಲ್ಲೇ, ಬಹುಶಃ ಅವಕ್ಕಿಂತ ಮೇಲೆ, ಮೂಲ ಒಳಿತೆಂದು ಎಣಿಸಿದ್ದರು.

ಕ್ರಮ ಹೀಗಿರಲಿ. ಫೆಬ್ರವರಿಯೊಳಗೆ ಚೀಟಿಗಳು ಮತ್ತು ನಿಯಮ ಸಿದ್ಧವಾಗಲಿ, ಅಂದರೆ ಯಾರ ಅಂಕವೂ ಯಾರಿಗೂ ಗೊತ್ತಾಗುವ ಮೊದಲು. ಫಲಿತಾಂಶ ಬಂದ ಮೇಲೆ ಬರೆದ ನಿಯಮದಲ್ಲಿ ಸಮಿತಿಯವರಿಗೆ ಗೊತ್ತಿರುವ ಮಕ್ಕಳ ಮುಖ ನುಸುಳಿಯೇ ನುಸುಳುತ್ತದೆ. ಆ ವರ್ಷ ತಮ್ಮ ಮಗುವೋ ಹತ್ತಿರದ ಬಂಧುವಿನ ಮಗುವೋ ಹತ್ತನೇ ತರಗತಿಯಲ್ಲಿದ್ದರೆ ಆ ಸದಸ್ಯರು ಮನೆ ಭೇಟಿ ಮತ್ತು ಹಂಚಿಕೆಯಿಂದ ಹೊರಗಿರಲಿ. ನಿಯಮವನ್ನು ಕನ್ನಡದಲ್ಲಿ ಒಂದೇ ಪುಟದಲ್ಲಿ ಅಚ್ಚು ಹಾಕಿಸಿ ಹೈಸ್ಕೂಲುಗಳಲ್ಲಿ ಅಂಟಿಸಿ, ಕೊರತೆ ಲೆಕ್ಕ ಹಾಕುವ ರೀತಿಯೂ ಅದರಲ್ಲಿರಲಿ. ಮೊದಲ ಕಂತು ದಾಖಲಾತಿಯ ವಾರದಲ್ಲೇ ಹೋಗಲಿ. ಎರಡನೇ ಪರೀಕ್ಷೆಯಲ್ಲಿ ಪಾಸಾದವರಿಗೆ ಫಲಿತಾಂಶದ ನಂತರ ಮೂರು ವಾರ ಬಾಗಿಲು ತೆರೆದಿಡಿ, ಆ ವರ್ಷ ಮೂರನೇ ಪರೀಕ್ಷೆ ಇದ್ದರೆ ಅದರವರಿಗೂ ಹಾಗೆಯೇ. ಒಂದೇ ಮೊತ್ತದ ಕೊರತೆಯ ಇಬ್ಬರಿದ್ದು ಹಣ ಒಬ್ಬರಿಗಷ್ಟೇ ಸಾಕಾಗುವ ಸಂದರ್ಭ ಬಂದರೆ ಅಂಕದಿಂದ ತೀರ್ಮಾನಿಸದೆ ಇಬ್ಬರ ಶಾಲೆಯ ಶಿಕ್ಷಕರ ಎದುರು ಚೀಟಿ ಎತ್ತಿ.

ವರ್ಷದ ಕೊನೆಗೆ ಎರಡು ಪಟ್ಟಿ ಮಾಡಿ: ನೆರವು ಪಡೆದೂ ಓದು ಬಿಟ್ಟವರು, ಅರ್ಜಿ ಹಾಕದೆ ಓದು ಬಿಟ್ಟವರು. ಮೊದಲನೆಯ ಪಟ್ಟಿ ದೊಡ್ಡದಿದ್ದರೆ ಕೊರತೆಯ ಅಂದಾಜು ತಪ್ಪಿದೆ ಅಥವಾ ಹಣ ತಡವಾಗಿ ತಲುಪಿದೆ. ಎರಡನೆಯದು ದೊಡ್ಡದಿದ್ದರೆ ನಿಮ್ಮ ಚೀಟಿಗಳಲ್ಲಿ ಯಾರೋ ಬಿಟ್ಟುಹೋಗಿದ್ದಾರೆ. ಅವರ ಬದುಕನ್ನು ಎರಡು ಮೂರು ಸಾಲಿನಲ್ಲಿ ಬರೆದು ಮುಂದಿನ ಫೆಬ್ರವರಿಯ ಡಬ್ಬಿಗೆ ಸೇರಿಸಿ.